ಪಾಯದ ಮಣ್ಣು ಎಷ್ಟು ಲೋಡು? ನಾನು ಹಾಕುವ ಲೆಕ್ಕ

ತುಮಕೂರಿನಲ್ಲಿ 30x40 ಸೈಟಿಗೆ ಪಾಯ ತೆಗೆಸುವಾಗ ಮಾಲೀಕರು ಕೇಳಿದ್ದು ಒಂದೇ ಮಾತು: "ಮಣ್ಣು ಎಷ್ಟು ಲೋಡು ಆಗುತ್ತೆ ಸಾರ್, ಟ್ರ್ಯಾಕ್ಟರ್‌ನವರಿಗೆ ಏನು ಹೇಳಲಿ?" ತೆಗೆಯುವ ಮಣ್ಣು ಎಷ್ಟು, ಹೊರಗೆ ಹಾಕುವ ಮಣ್ಣು ಎಷ್ಟು ಅನ್ನೋದು ಎರಡು ಬೇರೆ ಲೆಕ್ಕ. ತುಂಬಾ ಜನ ಮೊದಲನೆಯದನ್ನು ಮಾಡಿ ಅಷ್ಟೂ ಮಣ್ಣನ್ನು ಸಾಗಿಸಿಬಿಡುತ್ತಾರೆ. ಆಮೇಲೆ ಮನೆಯೊಳಗೆ ತುಂಬಿಸೋಕೆ ದುಡ್ಡು ಕೊಟ್ಟು ಮಣ್ಣು ತರಿಸುತ್ತಾರೆ!

ಮೊದಲು ತೆಗೆಯುವ ಲೆಕ್ಕ. ನಾನು ಯಾವಾಗಲೂ ಗೋಡೆಯ ನಡುಗೆರೆಯಲ್ಲೇ ಅಳೆಯೋದು. ಈ ಮನೆಗೆ ನಡುಗೆರೆಯಿಂದ ನಡುಗೆರೆಗೆ 24 ಅಡಿ, 30 ಅಡಿ. ಸುತ್ತಳತೆ 108 ಅಡಿ ಆಯ್ತು. ಮಧ್ಯೆ 24 ಅಡಿಯ ಒಂದು ಅಡ್ಡಗೋಡೆ ಇದೆ. ಪಾಯದ ಅಗಲ 3 ಅಡಿ ಇರೋದರಿಂದ ಅದು ಹೊರಗೋಡೆಗೆ ಸೇರುವ ಎರಡೂ ಕಡೆ ಒಂದೂವರೆ ಅಡಿ ಕಳೆಯಬೇಕು, ಅಷ್ಟು ಜಾಗ ಹೊರಗೋಡೆಯ ಲೆಕ್ಕದಲ್ಲಿ ಬಂದುಬಿಟ್ಟಿರುತ್ತೆ ಅಲ್ವಾ. ಒಟ್ಟು 129 ಅಡಿ. 3 ಅಡಿ ಅಗಲ, 4 ಅಡಿ ಆಳಕ್ಕೆ 1,548 ಘನ ಅಡಿ. ಇದನ್ನೇ ಹೊರ ಅಂಚಿನಿಂದ ಸುಣ್ಣದ ಗೆರೆ ಹಿಡಿದು ಅಳೆದರೆ ನಾಲ್ಕು ಮೂಲೆಯೂ ಎರಡೆರಡು ಸಲ ಲೆಕ್ಕಕ್ಕೆ ಬರುತ್ತೆ, ಸುಮ್ನೆ 144 ಘನ ಅಡಿ ಜಾಸ್ತಿ.

ಸೆಪ್ಟಿಕ್ ಗುಂಡಿಯಲ್ಲಿ ಇದಕ್ಕೆ ತಿರುಗುಮುರುಗು, ಎಲ್ಲರೂ ಕಮ್ಮಿ ಲೆಕ್ಕ ಹಾಕೋದು ಅಲ್ಲೇ. ಪ್ಲಾನಿನಲ್ಲಿ ಬರೆದಿರೋದು ಒಳ ಅಳತೆ, 7x4, ಆಳ 6. ಅದು 168 ಘನ ಅಡಿ. ಆದರೆ ಎರಡೂ ಕಡೆ 9 ಇಂಚಿನ ಗೋಡೆ ಬರಬೇಕು, ಮೇಸ್ತ್ರಿ ಇಳಿದು ಹೊರಗಿನಿಂದ ಪ್ಲಾಸ್ಟರ್ ಮಾಡೋಕೆ ಸುತ್ತ ಒಂದಡಿ ಜಾಗ ಬೇಕು, ತಳಕ್ಕೆ ಕಾಂಕ್ರೀಟು, ಮೇಲೆ ಮುಚ್ಚಳದ ಸ್ಲ್ಯಾಬು ಸೇರಿ ಇನ್ನೊಂದಡಿ ಆಳ. ನಿಜವಾಗಿ ಅಗೆಯೋದು 10.5x7.5x7, ಅಂದರೆ ಸುಮಾರು 550. ಮೂರು ಪಟ್ಟಿಗೂ ಜಾಸ್ತಿ!

ಒಟ್ಟು 2,100 ಘನ ಅಡಿ. ಇದು ನೆಲದಲ್ಲಿ ಕೂತ ಮಣ್ಣಿನ ಲೆಕ್ಕ. ಅಗೆದ ಮೇಲೆ ಮಣ್ಣು ಉಬ್ಬುತ್ತೆ. ಎಷ್ಟು ಅಂತ ಪುಸ್ತಕ ನೋಡೋದಕ್ಕಿಂತ ಜಾಗದಲ್ಲೇ ನೋಡೋದು ಒಳ್ಳೇದು. ಮೇಲಿನ ಬೇರು, ಹುಲ್ಲು ತೆಗೆದು, 2x2 ಅಡಿಯಲ್ಲಿ ಒಂದಡಿ ಆಳದ ಗುಂಡಿ ನೆಟ್ಟಗೆ ಅಗೆಸಿದೆ. ಬಂದ ಮಣ್ಣನ್ನು ಒಂದು ಘನ ಅಡಿ ಹಿಡಿಯುವ ಮರದ ಪೆಟ್ಟಿಗೆಗೆ ಒತ್ತದೆ ತುಂಬಿಸುತ್ತಾ ಎಣಿಸಿದೆವು. ನಾಲ್ಕು ಘನ ಅಡಿ ಗುಂಡಿಯ ಮಣ್ಣಿಗೆ ಐದು ಪೆಟ್ಟಿಗೆ ತುಂಬಿ ಇನ್ನೂ ಸ್ವಲ್ಪ ಉಳಿಯಿತು. ಈ ಕೆಂಪು ಮಣ್ಣಿಗೆ 1.3 ಹಿಡಿದರೆ ಸಾಕು ಅಂತ ಅಂದುಕೊಂಡೆ. ಬಂಡೆ ಬಂದರೆ ಉಬ್ಬು ಇನ್ನೂ ಜಾಸ್ತಿ, ಆಗ ಈ ಅಂಕಿ ನಡೆಯಲ್ಲ.

ಈಗ ಹೊರಗೆ ಹೋಗೋದು ಎಷ್ಟು? ಬೆಡ್ ಕಾಂಕ್ರೀಟು, ಕಲ್ಲು ಕಟ್ಟಡ ನೆಲದೊಳಗೆ ಹಿಡಿಯುವ ಜಾಗ ಸುಮಾರು 1,100. ಸೆಪ್ಟಿಕ್ ತೊಟ್ಟಿ ಗೋಡೆ ಸೇರಿ ಹಿಡಿಯೋದು 330. ಉಳಿದ ಮಣ್ಣು ಪಕ್ಕದ ಸಂದಿಗಳಿಗೇ ವಾಪಸ್ ಹೋಗುತ್ತೆ. ಅಂದರೆ ಮಿಗೋದು 1,430. ಅದರಲ್ಲಿ ಪ್ಲಿಂತ್ ಒಳಗೆ ಒಂದೂವರೆ ಅಡಿ ತುಂಬಿಸೋಕೆ 910 ಬೇಕು. ಕೊನೆಗೆ ಉಳಿಯೋದು 520, ಉಬ್ಬಿ 676. ನಮ್ಮ ಟ್ರೇಲರ್ ಒಳ ಅಳತೆ ಟೇಪು ಹಿಡಿದು ನೋಡಿದೆ, ನೂರು ಘನ ಅಡಿ ಚಿಲ್ಲರೆ. ಏಳು ಲೋಡು ಅಂದೆ. ಅಗೆದದ್ದೆಲ್ಲಾ ಸಾಗಿಸಿದ್ದರೆ ಇಪ್ಪತ್ತೇಳು ಆಗುತ್ತಿತ್ತು.

ಆದರೂ ಏಳನ್ನೂ ಒಟ್ಟಿಗೆ ಕಳಿಸಬೇಡಿ. ಅರ್ಧ ಅಡಿಗೊಂದು ಪದರ ಹಾಕಿ, ನೀರು ಕೊಟ್ಟು, ದಮ್ಮಸು ಹೊಡೆದರೆ ಮಣ್ಣು ನೆಲದಲ್ಲಿ ಇದ್ದದ್ದಕ್ಕಿಂತಲೂ ಬಿಗಿಯಾಗಿ ಕೂರಬಹುದು, ಆಗ ಲೆಕ್ಕಕ್ಕಿಂತ ಜಾಸ್ತಿ ಮಣ್ಣು ಬೇಕಾಗುತ್ತೆ. ಐದು ಕಳಿಸಿ, ಪ್ಲಿಂತ್ ತುಂಬಿದ ಮೇಲೆ ಉಳಿದದ್ದು ನೋಡಿ. ಬೇರು ಇರುವ ಮೇಲ್ಮಣ್ಣು ಮೊದಲ ಲೋಡಿನಲ್ಲೇ ಹೋಗಲಿ, ಅದು ಒಳಗೆ ಬೀಳಬಾರದು. ಕಪ್ಪು ಎರೆಮಣ್ಣಿನ ಜಾಗವಾದರೆ ಈ ಉಳಿತಾಯವೇ ಇಲ್ಲ. ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವ ಮಣ್ಣನ್ನು ನೆಲದ ಕೆಳಗೆ ತುಂಬಿಸೋ ಹಾಗಿಲ್ಲ. ಅಲ್ಲಿ ಅದನ್ನೆಲ್ಲಾ ಸಾಗಿಸಿ ಗ್ರಾವೆಲ್ ತರಿಸಲೇಬೇಕು.

ಇನ್ನೊಂದು, ದುಡ್ಡಿನ ವಿಷಯ. ಅಗೆದವರಿಗೆ ಗುಂಡಿ ಅಳೆದು ಕೊಡಿ, ಸಾಗಿಸಿದವರಿಗೆ ಟ್ರೇಲರ್ ಅಳೆದು ಕೊಡಿ. ಗುಡ್ಡೆ ನೋಡಿ ಅಗೆತದ ಬಿಲ್ಲು ಬರೆದರೆ ನೂರಕ್ಕೆ ಮೂವತ್ತು ಜಾಸ್ತಿ ಕೊಟ್ಟ ಹಾಗೆ.