ಷೇರು ಮಾರಿದ ಲಾಭ ಲಾಭ-ನಷ್ಟ ಪಟ್ಟಿಗೆ ಬರಲಿಲ್ಲ: ನನ್ನ ಅನುಭವ

ನಮ್ಮ ಕಂಪನಿ 2023ರ ಮೇ ತಿಂಗಳಲ್ಲಿ ಪಟ್ಟಿಯಾದ ಒಂದು ಷೇರನ್ನು ತಲಾ ಸುಮಾರು ₹400ರಂತೆ ಹತ್ತು ಸಾವಿರ ಕೊಂಡಿತು. ಕೊಂಡ ದಿನವೇ ಅದನ್ನು ಇಂಡ್ ಎಎಸ್ 109 ಎಂಬ ಲೆಕ್ಕ ಮಾನದಂಡದ ಪ್ರಕಾರ, ಬೆಲೆಯ ಏರಿಳಿತ ಲಾಭ-ನಷ್ಟ ಪಟ್ಟಿಗೆ ಬಾರದೆ ಈಕ್ವಿಟಿಯ ಮೀಸಲಿಗೆ ಹೋಗುವ ಇತರ ಸಮಗ್ರ ಆದಾಯದ ವರ್ಗಕ್ಕೆ ಸೇರಿಸುವ ನಿರ್ಣಯವನ್ನು ಬರೆಸಿಟ್ಟೆ. ಆ ಆಯ್ಕೆಯನ್ನು ಆಮೇಲೆ ಬದಲಿಸಲಾಗದೆಂಬ ಕಾರಣಕ್ಕೆ ಹಿರಿಯ ಸಹೋದ್ಯೋಗಿಗಳು ಬೇಡವೆಂದರು. ಮಾರಿದಾಗ ಬರುವ ಲಾಭ ಎಲ್ಲಿಯೂ ಕಾಣಿಸದೆ ಹೋಗುತ್ತದೆಂಬುದು ಅವರ ಆತಂಕ.

ಅವರ ಆತಂಕಕ್ಕೆ ಹಿನ್ನೆಲೆಯಿತ್ತು. ಇದೇ ವರ್ಗದ ಹಿಂದಿನ ಷೇರೊಂದನ್ನು ಮಾರಿದಾಗ ನಾನೇ ಮೂಲ ಬೆಲೆಯ ಮೇಲಿನ ಸುಮಾರು ಆರು ಲಕ್ಷವನ್ನು ಲಾಭ-ನಷ್ಟ ಪಟ್ಟಿಗೆ ಜಮಾ ಮಾಡಿದ್ದೆ. ಷೇರೊಂದೂ ಕೈಯಲ್ಲಿ ಇಲ್ಲದಿದ್ದರೂ ಅದರ ಮೀಸಲು ಖಾತೆಯಲ್ಲಿ ಬಾಕಿ ಹಾಗೇ ನಿಂತಿದ್ದುದರಿಂದ ತಪ್ಪು ಹೊರಬಿತ್ತು. ಅಷ್ಟರಲ್ಲಿ ಲಾಭದ ಮೇಲಿನ ಕಮಿಷನ್ ಪಾವತಿಯಾಗಿತ್ತು. ಅದನ್ನು ಮರಳಿ ಪಡೆಯಲು ಮತ್ತು ಲೆಕ್ಕ ತಿದ್ದಲು ತಗುಲಿದ್ದು ಮೂವತ್ತು ಸಾವಿರದಷ್ಟು.

ಈ ಬಾರಿ ವರ್ಷಾಂತ್ಯದಲ್ಲೇ ಎಚ್ಚರ ವಹಿಸಿದೆ. 2024ರ ಮಾರ್ಚ್ 31 ಭಾನುವಾರ, 29 ಗುಡ್ ಫ್ರೈಡೇ ರಜೆ. ಆದ್ದರಿಂದ 28ರ ಮುಕ್ತಾಯ ಬೆಲೆಯನ್ನೇ ಹಿಡಿದೆ. ಬೆಲೆ ₹520ರ ಆಸುಪಾಸಿನಲ್ಲಿದ್ದು, ಹನ್ನೆರಡು ಲಕ್ಷದ ಏರಿಕೆಯೂ ಅದರ ಮೇಲಿನ ಸುಮಾರು ಒಂದೂಕಾಲು ಲಕ್ಷದ ಮುಂದೂಡಿದ ತೆರಿಗೆಯೂ ಇತರ ಸಮಗ್ರ ಆದಾಯಕ್ಕೇ ಹೋದವು.

ಸೆಪ್ಟೆಂಬರಿನಲ್ಲಿ ₹560ಕ್ಕೆ ಮಾರಿದೆವು. ಮೊದಲು ಮಾರಾಟದ ದಿನದವರೆಗಿನ ನಾಲ್ಕು ಲಕ್ಷದ ಏರಿಕೆಯನ್ನು ಮೀಸಲಿಗೆ ಸೇರಿಸಿ, ನಂತರ ಐವತ್ತಾರು ಲಕ್ಷದ ಹೂಡಿಕೆಯನ್ನು ಬ್ಯಾಂಕಿನ ಎದುರು ತೆಗೆದುಹಾಕಿದೆ. ಹಾಗೆ ಮಾಡಿದಾಗ ಲಾಭ-ನಷ್ಟ ಪಟ್ಟಿಗೆ ಹೋಗಲು ಏನೂ ಉಳಿಯುವುದಿಲ್ಲ. ಜುಲೈ 23ರಿಂದ ದೀರ್ಘಾವಧಿ ಬಂಡವಾಳ ಲಾಭದ ತೆರಿಗೆ ಶೇ. 10ರಿಂದ 12.5ಕ್ಕೆ ಏರಿದ್ದರಿಂದ ತೆರಿಗೆ ಎರಡು ಲಕ್ಷದ ಹತ್ತಿರ ಬಂತು. ಆ ವ್ಯತ್ಯಾಸವೂ ಇತರ ಸಮಗ್ರ ಆದಾಯಕ್ಕೇ ಸೇರಿತು. ಉಳಿದ ಹದಿನಾಲ್ಕು ಲಕ್ಷವನ್ನು ಈಕ್ವಿಟಿಯೊಳಗೇ ಉಳಿಕೆ ಗಳಿಕೆಗೆ ವರ್ಗಾಯಿಸಿದೆ. ಮೀಸಲು ಸೊನ್ನೆಗೆ ಬಂತು. ಲಾಭ-ನಷ್ಟ ಪಟ್ಟಿಯಲ್ಲಿ ಕಂಡದ್ದು ಡಿವಿಡೆಂಡ್ ಮಾತ್ರ.

ಕೊಳ್ಳುವಾಗ ಕೊಟ್ಟ ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, ಪುಸ್ತಕದ ಬೆಲೆಯಲ್ಲಿ ಸೇರುತ್ತದೆ, ಆದರೆ ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಆ ನಾಲ್ಕು ಸಾವಿರ ತಾಳೆಯಾಗದೆ ಅರ್ಧ ದಿನ ಹುಡುಕಿದ್ದೇನೆ. ಅದನ್ನು ಷೇರುವಾರು ಪುಸ್ತಕದಲ್ಲಿ ಬೇರೆ ಕಾಣಿಸುವ ನನ್ನ ಅಂಕಣದ ವಿನ್ಯಾಸವನ್ನು ಇಲ್ಲಿ ಕೊಡುವುದಿಲ್ಲ.

ಪ್ರಯೋಗಕ್ಕೆಂದು ಅದೇ ಷೇರಿನ ಮತ್ತೊಂದು ಸಣ್ಣ ಖರೀದಿಗೆ ಈ ವರ್ಗವನ್ನು ಆಯ್ಕೆ ಮಾಡದೆ ಬಿಟ್ಟಿದ್ದೆ. ತ್ರೈಮಾಸಿಕ ಲಾಭ ಅದರಿಂದ ಹತ್ತಾರು ಸಾವಿರದಷ್ಟು ಏರಿಳಿಯಿತು. ಲೆಕ್ಕಪರಿಶೋಧಕರು ಎರಡನ್ನೂ ಪಕ್ಕಪಕ್ಕ ನೋಡಿ, ನಮ್ಮ ಟಿಪ್ಪಣಿಯನ್ನು ಒಂದು ಪದವೂ ಬದಲಿಸದೆ ಒಪ್ಪಿದರು.