ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು?

ನಮ್ಮ ಆಫೀಸಿನ ಅಕೌಂಟ್ಸ್ ಮೇಡಂ ಥ್ರಿಲ್ಲರ್ ಸಿಕ್ಕರೆ ಊಟ ಮರೆಯುವವರು. ಹೆಚ್ಚು ಜನ ಓದಿರದ ಮೂರು ಪುಸ್ತಕಗಳ ಹೆಸರು ಬರೆದುಕೊಡಿ ಎಂದು ಕೇಳಿದರು. ಇಷ್ಟವಾದದ್ದು ಯಾವುದು ಎಂದು ಕೇಳಿದರೆ ಎಲ್ಲರೂ ಅದೇ ನಾಲ್ಕು ಹೆಸರು ಹೇಳುತ್ತಾರೆ. ಅದಕ್ಕೇ ನಾನು ಅರ್ಧಕ್ಕೆ ಬಿಟ್ಟದ್ದು ಯಾವುದು, ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ ಓದೋಕೆ ಏನಿರುತ್ತೆ? ಇನ್ನು ಕೆಲವರು ಕೊನೇಲಿ ಎಲ್ಲಿಂದಲೋ ಹೊಸ ಸುಳಿವು ತರ್ತಾರೆ. ಅದು ಮೋಸ ಅಲ್ವಾ?" ಎಂದರು. ಪುಸ್ತಕ ಆರಿಸಿ ಅವರಿಗೊಂದು ಪತ್ರ ಬರೆಯಲು ಇಷ್ಟು ಸಾಕಿತ್ತು.

ಮೊದಲು ಬರೆದದ್ದು ಜಪಾನಿನ ಸೇಚೋ ಮಾತ್ಸುಮೋಟೊ ಅವರ 'ಪಾಯಿಂಟ್ಸ್ ಅಂಡ್ ಲೈನ್ಸ್' ಬಗ್ಗೆ. 1958ರ ಕಾದಂಬರಿ. ಈಚಿನ ಇಂಗ್ಲಿಷ್ ಅನುವಾದದ ಹೆಸರು 'ಟೋಕಿಯೋ ಎಕ್ಸ್‌ಪ್ರೆಸ್'. ಪತ್ರದಲ್ಲಿ ಹೀಗೆ ಬರೆದೆ:

"ಮೇಡಂ, ಸಮುದ್ರ ತೀರದಲ್ಲಿ ಒಬ್ಬ ಸರ್ಕಾರಿ ಅಧಿಕಾರಿ ಮತ್ತು ಒಬ್ಬಳು ಹೆಣ್ಣುಮಗಳ ಶವ ಸಿಗುತ್ತದೆ. ಪ್ರೇಮಿಗಳು ವಿಷ ಕುಡಿದರು ಎಂದು ಎಲ್ಲರೂ ನಂಬುತ್ತಾರೆ. ಆದರೆ ಅವನ ಜೇಬಿನಲ್ಲಿ ರೈಲಿನ ಊಟದ ಬಿಲ್ ಇದೆ. ಅದು ಒಬ್ಬರ ಬಿಲ್. ಜೊತೆಗೆ ಹೊರಟವರಲ್ಲಿ ಒಬ್ಬರೇ ಯಾಕೆ ಊಟಕ್ಕೆ ಹೋದರು? ದಿನವೂ ವೋಚರ್ ನೋಡುವ ನಿಮಗೆ ಈ ಪ್ರಶ್ನೆ ಕತೆಯ ಮುದಿ ಪೊಲೀಸನಿಗಿಂತ ಮೊದಲೇ ಹೊಳೆಯಬಹುದು. ಅನುಮಾನ ಯಾರ ಮೇಲೆ ಎಂಬುದು ಬೇಗ ಗೊತ್ತಾಗುತ್ತದೆ. ಆದರೆ ಸಾವಿನ ಹೊತ್ತಿಗೆ ಆ ವ್ಯಕ್ತಿ ದೇಶದ ಇನ್ನೊಂದು ತುದಿಯಲ್ಲಿದ್ದ ಎನ್ನುವುದಕ್ಕೆ ಸಾಕ್ಷಿ ಇದೆ. ಅದನ್ನು ರೈಲಿನ ವೇಳಾಪಟ್ಟಿ ಹಿಡಿದು ಒಡೆಯಬೇಕು."

ಇದಕ್ಕಿಂತ ಮುಂದೆ ಒಂದು ಮಾತೂ ಹೇಳಲಿಲ್ಲ. ಪುಸ್ತಕದ ಮೊದಲ ಭಾಗದಲ್ಲಿ ಬರುವುದನ್ನಷ್ಟೇ ಹೇಳಬೇಕು ಎಂಬುದು ನನ್ನ ಲೆಕ್ಕ. ಸುಮ್ನೆ "ಕೊನೆಯಲ್ಲಿ ಒಂದು ತಿರುವಿದೆ" ಎಂದರೂ ಇವರಂಥ ಓದುಗರು ಅದನ್ನೇ ಹುಡುಕುತ್ತಾ ಕೂರುತ್ತಾರೆ.

ಎರಡನೆಯದು ಕೆನೆತ್ ಫಿಯರಿಂಗ್ ಅವರ 'ದಿ ಬಿಗ್ ಕ್ಲಾಕ್', 1946ರದು. ಒಂದು ಪತ್ರಿಕಾ ಕಂಪನಿಯ ಒಡೆಯ ಕೊಲೆ ಮಾಡುತ್ತಾನೆ. ತನ್ನನ್ನು ಅಲ್ಲಿ ಕಂಡ ಅಪರಿಚಿತನನ್ನು ಹುಡುಕಲು ತನ್ನದೇ ಸಂಪಾದಕನನ್ನು ನೇಮಿಸುತ್ತಾನೆ. ಆ ಅಪರಿಚಿತ ಸಂಪಾದಕನೇ! ಕೊಲೆಗಾರ ಗೊತ್ತಾದ ಮೇಲೂ ಓದಲು ಏನಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ. ಕೊನೆ ಸ್ವಲ್ಪ ಅವಸರದ್ದು. ಅದನ್ನೂ ಪತ್ರದಲ್ಲಿ ಹೇಳಿದೆ.

ಮೂರನೆಯದನ್ನು ಬರೆಯಲು ಹಿಂಜರಿದೆ. ಸ್ವಿಸ್ ಲೇಖಕ ಡ್ಯುರೆನ್‌ಮಾಟ್ ಅವರ 'ದಿ ಪ್ಲೆಡ್ಜ್' ಮಗುವೊಂದರ ಕೊಲೆಯ ಕತೆ. ಮೇಡಂಗೆ ಪುಟ್ಟ ಮಗಳಿದ್ದಾಳೆ. ಹಾಗಾಗಿ ಆ ಎಚ್ಚರಿಕೆಯನ್ನೇ ಮೊದಲ ಸಾಲಿನಲ್ಲಿ ಹಾಕಿದೆ. ಪತ್ತೇದಾರಿ ಕತೆಗಳಲ್ಲಿ ಎಲ್ಲವೂ ಲೆಕ್ಕದಂತೆ ಕೂಡಿಬರುವುದೇ ಸುಳ್ಳು ಎಂದು ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಶುರುವಿನಲ್ಲೇ ಜಗಳ ತೆಗೆಯುತ್ತಾನೆ. "ಮೋಸ" ಎಂದು ಮೇಡಂ ರೇಗಬಹುದು. ರೇಗಿದರೆ ಮಧ್ಯಾಹ್ನದ ಚಹಾಕ್ಕೆ ಬಂದು ವಾದ ಮಾಡಿ ಎಂದು ಬರೆದು ಸಹಿ ಹಾಕಿದೆ.