ಮೇಲೆ ಕಂದು, ಒಳಗೆ ಹಲ್ವಾ: ನನ್ನ ಬನಾನಾ ಬ್ರೆಡ್ ಅನುಭವ

ನನ್ನ ಮೊದಲ ಬನಾನಾ ಬ್ರೆಡ್ ಕತ್ತರಿಸಿದಾಗ ಅತ್ತೆ ನೋಡಿ, "ಒಳಗೆ ಹಲ್ವಾನೂ ಮಾಡಿದ್ದೀಯಲ್ಲಮ್ಮ" ಅಂದರು. ಮೇಲೆಲ್ಲ ಚೆನ್ನಾಗಿ ಕಂದಾಗಿತ್ತು, ನಡುವೆ ಮಾತ್ರ ಎರಡು ಬೆರಳು ಅಗಲ ಹಸಿ ಹಿಟ್ಟು. ಮುಂದಿನ ಸಲ ಹಠಕ್ಕೆ ಬಿದ್ದು ಇಪ್ಪತ್ತು ನಿಮಿಷ ಜಾಸ್ತಿ ಇಟ್ಟೆ. ಅಂಚು ರಸ್ಕ್ ಆಯಿತು.

ತಪ್ಪು ಟಿನ್ನಿನದು. ರೆಸಿಪಿ 9x5 ಇಂಚಿನ ಟಿನ್ನಿಗೆ ಬರೆದದ್ದು, ನನ್ನದು 8x4. ಒಂದೇ ಇಂಚು ತಾನೇ ಅಂತ ಸುಮ್ನೆ ಬಿಟ್ಟಿದ್ದೆ. ಆಮೇಲೆ ನೀರು ತುಂಬಿ ಅಳೆದೆ. ದೊಡ್ಡದರಲ್ಲಿ ಹತ್ತಿರ ಹತ್ತಿರ ಎರಡು ಲೀಟರ್ ಹಿಡಿಯುತ್ತದೆ, ನನ್ನದರಲ್ಲಿ ಒಂದೂಕಾಲು. ಅಷ್ಟೂ ಹಿಟ್ಟನ್ನು ಇದಕ್ಕೇ ಸುರಿದರೆ ಎತ್ತರ ಜಾಸ್ತಿಯಾಗಿ, ನಡುವಿಗೆ ಬಿಸಿ ತಲುಪುವಷ್ಟರಲ್ಲಿ ಮೇಲ್ಭಾಗ ಸುಟ್ಟಿರುತ್ತದೆ. ಈಗ ಟಿನ್ನಿನ ಮೂರರಲ್ಲಿ ಎರಡು ಭಾಗ ಮಾತ್ರ ತುಂಬುತ್ತೇನೆ. ಉಳಿದದ್ದು ಮಫಿನ್ ಕಪ್ಪುಗಳಿಗೆ. ಅವು 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಆಗುತ್ತವೆ, ಹದಿನೇಳಕ್ಕೇ ನೋಡಲು ಶುರು ಮಾಡಿ. ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಗುಳಿ ಬೀಳದೆ ಮತ್ತೆ ಮೇಲೆದ್ದರೆ ತೆಗೆಯಬಹುದು.

ಬ್ರೆಡ್ಡಿಗೆ ಅಷ್ಟು ಬಿಸಿ ಬೇಡ. ನನ್ನ ಓಟಿಜಿ ಚಿಕ್ಕದು, ಮೇಲಿನ ರಾಡ್ ಟಿನ್ನಿನ ತಲೆ ಮೇಲೇ ಇರುತ್ತದೆ. ಅದಕ್ಕೆ ಟಿನ್ ಕೆಳಗಿನ ಹಂತದಲ್ಲಿಟ್ಟು 165 ಡಿಗ್ರಿ ಇಡುತ್ತೇನೆ, ಮೇಲೆ ಬಣ್ಣ ಬಂದ ತಕ್ಷಣ, ನನ್ನಲ್ಲಿ ಸುಮಾರು ಮೂವತ್ತೈದನೇ ನಿಮಿಷಕ್ಕೆ, ಫಾಯಿಲ್ ಸಡಿಲವಾಗಿ ಹೊದಿಸುತ್ತೇನೆ. ಒಟ್ಟು ಐವತ್ತೈದು ನಿಮಿಷ ಬೇಕು.

ಹಣ್ಣಿನದ್ದೂ ಒಂದು ಮಾತು. "ಮೂರು ಬಾಳೆಹಣ್ಣು" ಅಂದರೆ ಯಾವ ಹಣ್ಣು? ಪಚ್ಚಬಾಳೆ ಮೂರು, ಏಲಕ್ಕಿಯಾದರೆ ಏಳೆಂಟು ಬೇಕಾಗಬಹುದು. ಎರಡು ಕಪ್ ಮೈದಾಕ್ಕೆ ಸಿಪ್ಪೆ ತೆಗೆದ ಹಣ್ಣು 300 ಗ್ರಾಂ ಅಂತ ತೂಕ ಹಾಕಿಬಿಡಿ. ಹಣ್ಣು ತುಂಬಾ ಜಾಸ್ತಿಯಾದರೆ ಎಷ್ಟು ಬೇಯಿಸಿದರೂ ಒಳಗೆ ಅಂಟಂಟು.

ಇನ್ನು ಕಡ್ಡಿ ಚುಚ್ಚುವುದು. ಅಂಚಿಗೆ ಚುಚ್ಚಿ ಮೋಸ ಹೋಗಿದ್ದೇನೆ. ಮೇಲಿನ ಬಿರುಕಿನ ನಡುವೆ, ತಳದ ಹತ್ತಿರದವರೆಗೆ ಚುಚ್ಚಬೇಕು, ಮಫಿನ್ನಿಗೆ ಸಾಕಾಗುವ ಟೂತ್‌ಪಿಕ್ ಇಲ್ಲಿ ಗಿಡ್ಡ. ನಾನು ಊದುಬತ್ತಿಯಷ್ಟು ಉದ್ದದ ಬಿದಿರು ಕಡ್ಡಿ ಇಟ್ಟುಕೊಂಡಿದ್ದೇನೆ. ನಾಲ್ಕು ತೇವದ ಪುಡಿ ಅಂಟಿದರೆ ಆಗಿದೆ, ದೋಸೆ ಹಿಟ್ಟಿನ ಹಾಗೆ ಹೊಳೆದರೆ ಇಲ್ಲ. ಹಣ್ಣಿನ ತುಂಡಿಗೆ ತಾಗಿದರೂ ಒದ್ದೆ ಕಾಣುತ್ತದೆ, ಪಕ್ಕದಲ್ಲಿ ಇನ್ನೊಮ್ಮೆ ಚುಚ್ಚಿ. ಥರ್ಮಾಮೀಟರ್ ಇದ್ದರೆ ನಡುವೆ 94 ಡಿಗ್ರಿ ಸಾಕು.

ಹೊರಗೆ ತೆಗೆದ ಮೇಲೆ ಹತ್ತು ನಿಮಿಷ ಟಿನ್ನಿನಲ್ಲೇ, ಆಮೇಲೆ ಜಾಲರಿ ಮೇಲೆ. ಬಿಸಿಯಲ್ಲಿ ಕತ್ತರಿಸಿದರೆ ಬೆಂದ ಬ್ರೆಡ್ಡೂ ಹಸಿ ಥರ ಚಾಕುವಿಗೆ ಅಂಟುತ್ತದೆ. ಪೂರ್ತಿ ತಣಿದ ಮೇಲೆ ಸುತ್ತಿಟ್ಟರೆ ಮಾರನೇ ದಿನ ಮೇಲಿನ ಗಟ್ಟಿ ಪದರವೂ ಮೆತ್ತಗಾಗಿರುತ್ತದೆ, ನಮ್ಮನೇಲಿ ಅಲ್ಲೀವರೆಗೆ ಉಳಿದರೆ.